ತೋಟದ ಹಸಿರು ಮುಖಕ್ಕೆ ಮೆತ್ತದಿರಲಿ: ಲಾಗ್ ವಿಡಿಯೊಗೆ ಲಟ್ ಹಾಕುವ ಬಗೆ

ಕಾಫಿ ತೋಟದಲ್ಲಿ ತೆಗೆದ ವಿಡಿಯೊ ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಲಾಗ್‌ನಲ್ಲಿ ತೆಗೆದ, ಅಂದರೆ ಬೆಳಕು-ನೆರಳಿನ ವಿವರ ಉಳಿಯಲೆಂದು ಕಾಂಟ್ರಾಸ್ಟ್ ಕುಗ್ಗಿಸಿ ದಾಖಲಿಸಿದ ಮಂಕು ಫೂಟೇಜ್ ಮೇಲೆ ಮೊದಲು ಲಟ್ ಹಾಕುತ್ತಾರೆ, ಬೆಳಕು-ಬಣ್ಣ ಸರಿಮಾಡಲು ಆಮೇಲೆ ಕೂರುತ್ತಾರೆ. ಅಷ್ಟರಲ್ಲಿ ಸಿಲ್ವರ್ ಓಕ್ ಮರಗಳ ನಡುವಿನ ಆಕಾಶ ಬಿಳುಚಿ ಹೋಗಿರುತ್ತದೆ, ಹಣ್ಣು ಕೊಯ್ಯುವವರ ಮುಖಕ್ಕೆ ಎಲೆಯ ಹಸಿರು ಮೆತ್ತಿರುತ್ತದೆ.

ಲಟ್ ಎಂದರೆ ಒಂದು ಕೋಷ್ಟಕ. ಈ ಬಣ್ಣ ಒಳಗೆ ಬಂದರೆ ಆ ಬಣ್ಣ ಹೊರಗೆ ಕೊಡು ಎಂದಷ್ಟೇ ಅದರಲ್ಲಿ ಬರೆದಿರುತ್ತದೆ. ನಿಮ್ಮ ಶಾಟ್‌ನಲ್ಲಿ ಬೆಳಕು ಹೆಚ್ಚಾಗಿದೆಯೇ, ನೆರಳಿನ ಹಸಿರು ಸೇರಿದೆಯೇ ಎಂಬುದು ಅದಕ್ಕೆ ತಿಳಿಯದು. ಆದ್ದರಿಂದ ತಿದ್ದುವ ಕೆಲಸ ಲಟ್‌ಗಿಂತ ಮುಂಚೆಯೇ ಮುಗಿಯಬೇಕು.

ಇಲ್ಲಿ ಹೇಳುವುದು ಸೋನಿ ಕ್ಯಾಮೆರಾದ S-Log3, 10 ಬಿಟ್ ಫೂಟೇಜ್‌ಗೆ, DaVinci Resolve ತಂತ್ರಾಂಶದಲ್ಲಿ.

ಮೊದಲು ಮೂರು ನೋಡ್, ಅಂದರೆ ಒಂದಾದ ಮೇಲೊಂದು ತಿದ್ದುಪಡಿ ನಡೆಯುವ ಮೂರು ಹಂತ. Color ಪುಟದಲ್ಲಿ Alt+S ಒತ್ತಿ ಮೂರು ನೋಡ್ ಸಾಲಾಗಿ ಇಡಿ. ಒಂದನೆಯದು ತಿದ್ದಲು, ಎರಡನೆಯದು ಲಟ್‌ಗೆ, ಮೂರನೆಯದು ರುಚಿಗೆ.

ಲಟ್ ಹಾಕಿ, ಆದರೆ ಮುಟ್ಟಬೇಡಿ. ಎರಡನೇ ನೋಡ್‌ಗೆ ಸೋನಿಯದೇ `SLog3SGamut3.CineToLC-709TypeA` ಹಾಕಿ. ಕ್ಯಾಮೆರಾದಲ್ಲಿ ಬಣ್ಣದ ವ್ಯಾಪ್ತಿಯನ್ನು S-Gamut3.Cineಗೆ ಇಟ್ಟು ತೆಗೆದಿದ್ದರೆ ಮಾತ್ರ ಇದು ಹೊಂದುತ್ತದೆ. ಸಿನಿಮಾ ಲುಕ್ ಎಂದು ಕಟ್ಟುಕಟ್ಟಾಗಿ ಮಾರುವ ಲಟ್‌ಗಳನ್ನು ಈ ಜಾಗಕ್ಕೆ ತರಬೇಡಿ. ಅವುಗಳಲ್ಲಿ ಎಷ್ಟೋ ಯಾವ ಕ್ಯಾಮೆರಾದ ಲಾಗ್‌ಗೆ ಮಾಡಿದವು ಎಂಬುದನ್ನೇ ಬರೆದಿರುವುದಿಲ್ಲ.

ಈಗ ಒಂದನೇ ನೋಡ್‌ಗೆ ಬನ್ನಿ. ಎಲ್ಲರೂ ಎಡವುವುದು ಇಲ್ಲೇ. ನೆರಳಿನ ಮರದ ಕೆಳಗೆ ಹಣ್ಣು ಕೊಯ್ಯುತ್ತಿರುವ ಹೆಂಗಸಿನ ಶಾಟ್ ಇದೆ, ಶುರುವಿನಲ್ಲಿ ಅವರ ಮುಖದ ಪಕ್ಕ ಬೆಳಕು-ಬಣ್ಣ ಅಳೆಯಲು ಬಳಸುವ ಬೂದು ಬಣ್ಣದ ಗ್ರೇ ಕಾರ್ಡ್ ಹಿಡಿದಿದ್ದಾರೆ ಎಂದುಕೊಳ್ಳಿ. ಲಟ್ ನೋಡ್ ಅನ್ನು ಸ್ವಲ್ಪ ಹೊತ್ತು ಆಫ್ ಮಾಡಿ, ಚಿತ್ರದ ಬೆಳಕನ್ನು 0ಯಿಂದ 1023ರವರೆಗಿನ ಅಂಕಿಯಲ್ಲಿ ತೋರಿಸುವ ವೇವ್‌ಫಾರ್ಮ್ ನೋಡಿ. S-Log3ಯಲ್ಲಿ ಶೇ 18ರ ಬೂದು ಬಣ್ಣ 420ರ ಸುತ್ತ ಕೂರಬೇಕು. ನಮ್ಮ ಕಾರ್ಡ್ 540ರಲ್ಲಿದೆ. ಈ ಭಾಗದಲ್ಲಿ ಒಂದು ಸ್ಟಾಪ್, ಎಂದರೆ ಬೆಳಕು ಎರಡರಷ್ಟಾಗುವುದು, ಸುಮಾರು 78 ಅಂಕಿ, ಅಂದರೆ ಒಂದೂವರೆ ಸ್ಟಾಪ್ ಬೆಳಕು ಹೆಚ್ಚಾಗಿದೆ. Gain, Gamma ಮುಟ್ಟದೆ Offset ಒಂದನ್ನೇ ಇಳಿಸುತ್ತಾ ಕಾರ್ಡನ್ನು 420ಕ್ಕೆ ತನ್ನಿ. ಲಾಗ್‌ನಲ್ಲಿ ಒಂದೊಂದು ಸ್ಟಾಪ್‌ಗೂ ಹೆಚ್ಚುಕಡಿಮೆ ಒಂದೇ ಅಂತರ ಇರುವುದರಿಂದ, Offset ಇಳಿಸುವುದು ಲೆನ್ಸಿನ ಅಪರ್ಚರ್ ಕಿರಿದು ಮಾಡಿದ ಹಾಗೆಯೇ. Gain ತಿರುಗಿಸಿದರೆ ಆ ಅಂತರಗಳೇ ಬದಲಾಗಿ, ಲಟ್ ಎಣಿಸಿದ ಲೆಕ್ಕ ತಪ್ಪುತ್ತದೆ.

ಇನ್ನು ಹಸಿರು. ಪೆರೇಡ್ ಸ್ಕೋಪ್‌ನಲ್ಲಿ ಕಾರ್ಡಿನ ಕೆಂಪು, ಹಸಿರು, ನೀಲಿ ಮೂರೂ ಒಂದೇ ಎತ್ತರದಲ್ಲಿ ಇರಬೇಕು. ಎಲೆಗಳ ಮೂಲಕ ಸೋಸಿ ಬಂದ ಬೆಳಕಾದ್ದರಿಂದ ಹಸಿರು ಮೇಲಿರುತ್ತದೆ. Offset ಚಕ್ರವನ್ನು ಮಜೆಂಟಾ ಕಡೆಗೆ ನಿಧಾನ ಸರಿಸಿ, ಮೂರೂ ಸಮ ಬಂದ ಕೂಡಲೇ ನಿಲ್ಲಿಸಿ. ಕಾರ್ಡ್ ಇಲ್ಲದಿದ್ದರೆ ತಲೆಗೆ ಸುತ್ತಿದ ಬಿಳಿ ಬಟ್ಟೆ ನೋಡಿ ಮಾಡಬಹುದು, ನೀಲಿ ಹಾಕಿ ಒಗೆದ ಬಟ್ಟೆ ಮಾತ್ರ ಬೇಡ.

ಲಟ್ ಆನ್ ಮಾಡಿ. ಮುಖ ತನ್ನ ಬಣ್ಣಕ್ಕೆ ಬಂದಿರುತ್ತದೆ. ಆಕಾಶದಲ್ಲಿ ಮೋಡದ ಗೆರೆಗಳು ಮರಳಿ ಕಂಡರೆ ಸರಿ. ಬೂದಿ ಬಳಿದ ಹಾಗೆ ಚಪ್ಪಟೆಯಾಗಿ ಕಂಡರೆ ಅದು ಕ್ಯಾಮೆರಾದಲ್ಲೇ ಸುಟ್ಟಿದ್ದು, ಇನ್ನು ಬರುವುದಿಲ್ಲ. ಇದೇ ಕೆಲಸ ಲಟ್ ಆದ ಮೇಲೆ ಮಾಡಿದ್ದರೆ, ಕ್ಯಾಮೆರಾ ಉಳಿಸಿಕೊಂಡಿದ್ದ ಮೋಡವನ್ನೂ ಲಟ್ ಬಿಳಿಗೆ ಒತ್ತಿಬಿಡುತ್ತಿತ್ತು.

ಮೂರನೇ ನೋಡ್. ಲುಕ್ ಲಟ್ ಬೇಕೇ ಬೇಕೆನಿಸಿದರೆ ಇಲ್ಲಿ ಹಾಕಿ, ಅದರ ಪ್ರಭಾವ ತಗ್ಗಿಸಲು Key Output Gain ಅನ್ನು 0.3ರ ಹತ್ತಿರಕ್ಕೆ ಇಳಿಸಿ. ಎರಡನೇ ನೋಡ್‌ನಲ್ಲಿ ಮಾತ್ರ ಹೀಗೆ ಇಳಿಸಬೇಡಿ. ಅಲ್ಲಿ ಅರ್ಧ ಲಟ್ ಎಂದರೆ ಅರ್ಧ ಲಾಗ್, ಮಂಕು ಹಾಗೇ ಉಳಿಯುತ್ತದೆ.

ಯಾವಾಗ ಲಟ್ ಬೇಡ? ಮದುವೆ ಮನೆಯವರು ಮೊಬೈಲಿನಲ್ಲಿ ಸಾಮಾನ್ಯವಾಗಿ ತೆಗೆದ ಕ್ಲಿಪ್‌ಗೆ ಬೇಡ, ಅದು ಲಾಗ್ ಅಲ್ಲ. ಲಾಗ್ ಲಟ್ ಹಾಕಿದರೆ ಕಪ್ಪು ಕೂದಲು ಮಸಿಯಾಗಿ, ರೇಷ್ಮೆ ಸೀರೆಯ ಕೆಂಪು ಉರಿಯುತ್ತದೆ. ಪ್ರಾಜೆಕ್ಟ್‌ನಲ್ಲಿ DaVinci YRGB Color Managed ಆನ್ ಆಗಿದ್ದರೂ ಬೇಡ. ಲಾಗ್ ಬಿಚ್ಚುವ ಕೆಲಸ ಅಲ್ಲಿ ಆಗಲೇ ಆಗಿರುತ್ತದೆ, ಮೇಲೆ ಲಟ್ ಹಾಕಿದರೆ ಎರಡು ಸಲ ಬಿಚ್ಚಿದ ಹಾಗೆ.

ಮುಳ್ಳಯ್ಯನಗಿರಿಯ ಮಂಜನ್ನು 8 ಬಿಟ್ ಕ್ಯಾಮೆರಾದಲ್ಲಿ ತೆಗೆಯುವುದಾದರೆ ಲಾಗ್ ಕೂಡ ಬೇಡ. 10 ಬಿಟ್‌ನಲ್ಲಿ ಸ್ಟಾಪ್‌ಗೆ 78 ಮೆಟ್ಟಿಲು ಇದ್ದರೆ 8 ಬಿಟ್‌ನಲ್ಲಿ ಇಪ್ಪತ್ತೇ. ಗುಡ್ಡದಿಂದ ಆಕಾಶದವರೆಗೆ ನವಿರಾಗಿ ಕರಗುವ ಮಂಜು ಒಂದು-ಒಂದೂವರೆ ಸ್ಟಾಪ್‌ನೊಳಗೆ ಇರುತ್ತದೆ. ಆ ಇಪ್ಪತ್ತು ಮೂವತ್ತು ಮೆಟ್ಟಿಲನ್ನು ಲಟ್ ಎಳೆದು ಹಿಗ್ಗಿಸಿದರೆ ಮಂಜಿನಲ್ಲಿ ಪಟ್ಟೆ ಪಟ್ಟೆಯಾಗಿ ಗೆರೆ ಏಳುತ್ತದೆ. ಹೇಗೂ ಅಲ್ಲಿ ಕಡುನೆರಳೂ ಇಲ್ಲ, ಕಣ್ಣು ಕುಕ್ಕುವ ಬಿಸಿಲೂ ಇಲ್ಲ. ಸ್ಟ್ಯಾಂಡರ್ಡ್ ಪ್ರೊಫೈಲ್‌ನಲ್ಲಿ ತೆಗೆದು, ಕಾಂಟ್ರಾಸ್ಟ್ ತುಸು ಸರಿಮಾಡಿ ಬಿಟ್ಟುಬಿಡಿ.