ನಮ್ಮ ತಾರಸಿ ಮೂರು ಸಲ ಸೋರಿತು, ಮೂರೂ ಸಲ ಕಾರಣ ಬೇರೆ

ಮನೆ ಕಟ್ಟಿದಾಗ ತಾರಸಿಗೆ ಹಾಕಿಸಿದ್ದು ಇಟ್ಟಿಗೆ ಚೂರಿನ ಕೋಬಾ, ಅಂದರೆ ಇಟ್ಟಿಗೆ ಚೂರು ಜೋಡಿಸಿ ಗಾರೆ ತುಂಬಿದ ದಪ್ಪ ಪದರ. ಮೂವತ್ತಕ್ಕೆ ಮೂವತ್ತು ಅಡಿ ತಾರಸಿ, ನೀರು ಹೋಗೋಕೆ ಒಂದು ಮೂಲೆಯಲ್ಲಿ ಒಂದೇ ಪೈಪು. ಎಂಟು ವರ್ಷ ಏನೂ ತೊಂದರೆ ಇರಲಿಲ್ಲ. ಒಂಬತ್ತನೇ ಮಳೆಗಾಲದಲ್ಲಿ ಮಲಗುವ ಕೋಣೆಯ ಸೂರಿನಲ್ಲಿ ಒಂದು ಹಳದಿ ಕಲೆ ಕಂಡಿತು. ನಾನೇ ಸೈಟ್ ಕೆಲಸ ಮಾಡಿಸುವವನು, ಆದರೂ ನನ್ನ ಮನೆಯಲ್ಲೇ ಎರಡು ಸಲ ಮೂರ್ಖನಾದೆ.

ಮೊದಲು ಗಮನಿಸಬೇಕಿದ್ದದ್ದು ಸೋರುವ ರೀತಿ. ಮಳೆ ಶುರುವಾಗಿ ಒಂದು ದಿನ ಆದ ಮೇಲೆ ತೊಟ್ಟಿಕ್ಕೋಕೆ ಶುರು, ಮಳೆ ನಿಂತು ನಾಲ್ಕು ದಿನವಾದರೂ ನಿಲ್ಲುತ್ತಿರಲಿಲ್ಲ. ಕೋಬಾದ ಕೆಳಗಿನ ಕಾಂಕ್ರೀಟ್ ಮೋಲ್ಡ್‌ನಲ್ಲಿ ಬಿರುಕಿದ್ದು ಅದರ ಮೇಲೆ ನೇರವಾಗಿ ನೀರು ನಿಂತಿದ್ದರೆ ಇಷ್ಟು ತಡ ಆಗಲ್ಲ, ಮಳೆ ನಿಂತ ಮೇಲೆ ಇಷ್ಟು ದಿನ ಎಳೆಯೋದೂ ಇಲ್ಲ. ತಡವಾಗಿ ಶುರುವಾಗಿ ತಡವಾಗಿ ನಿಂತರೆ ನೀರು ನಡುವೆ ಎಲ್ಲೋ ಕೂತಿದೆ ಅಂತ ಅರ್ಥ. ನಮ್ಮಲ್ಲಿ ಅದು ಕೂತಿದ್ದು ಕೋಬಾದೊಳಗೆ. ಆಗ ನನಗೆ ಇದು ಹೊಳೆಯಲಿಲ್ಲ.

ಮೇಲೆ ಹೋಗಿ ನೋಡಿದರೆ ಗಾರೆಯಲ್ಲಿ ಕೂದಲೆಳೆ ಬಿರುಕುಗಳು ಕಂಡವು. ಸರಿ, ಎರಡು ಡಬ್ಬದ ಸಿಮೆಂಟ್ ಕೋಟಿಂಗ್ ತಂದು, ಅಂದರೆ ಪುಡಿ ಒಂದು ಕಡೆ, ಅಕ್ರಿಲಿಕ್ ದ್ರವ ಒಂದು ಕಡೆ ಇರುತ್ತಲ್ಲ ಅದನ್ನು ಕಲಸಿ, ತಾರಸಿ ತೊಳೆದು ಎರಡು ಕೈ ಹೊಡೆಸಿದೆ. ಆ ಮಳೆಗಾಲ ಪರವಾಗಿಲ್ಲ ಅನ್ನಿಸಿತು. ಮುಂದಿನ ಬೇಸಿಗೆ ಮುಗಿಯುವಷ್ಟರಲ್ಲಿ ಅದೇ ಬಿರುಕುಗಳ ಗೆರೆ ಕೋಟಿಂಗ್ ಮೇಲೂ ಮೂಡಿತ್ತು.

ಡಬ್ಬದ ಮೇಲೆ ‘ಎರಡರಷ್ಟು ಹಿಗ್ಗುತ್ತದೆ’ ಅಂತ ಬರೆದಿರುತ್ತಾರೆ. ಹಾಗಿದ್ದರೆ ಕೂದಲೆಳೆ ಬಿರುಕಿಗೆ ಯಾಕೆ ಹರಿಯಿತು? ಕೋಟಿಂಗ್ ಬಿರುಕಿನ ಎರಡೂ ದಡಕ್ಕೆ ಗಟ್ಟಿಯಾಗಿ ಅಂಟಿರುತ್ತದೆ. ರಾತ್ರಿ ತಣ್ಣಗಾಗಿ ಗಾರೆ ಕುಗ್ಗಿದಾಗ ಬಿರುಕು ಕಾಲು ಮಿಲಿಮೀಟರ್ ಅಗಲವಾಯಿತು ಅಂದುಕೊಳ್ಳಿ. ಆ ಕಾಲು ಮಿಲಿಮೀಟರನ್ನು ಹಿಗ್ಗಿ ತುಂಬಬೇಕಾದದ್ದು ಬಿರುಕಿನ ಮೇಲಿರುವ ಎಳೆಯಷ್ಟು ಅಗಲದ ಕೋಟಿಂಗ್ ಮಾತ್ರ. ಅಕ್ಕಪಕ್ಕದ್ದು ನೆಲಕ್ಕೆ ಅಂಟಿಕೊಂಡಿರುತ್ತದೆ, ಸಹಾಯಕ್ಕೆ ಬರಲ್ಲ. ಎರಡರಷ್ಟಲ್ಲ, ಹತ್ತರಷ್ಟು ಹಿಗ್ಗಿದರೂ ಸಾಲದು. ಇದಕ್ಕೆ ಮದ್ದು ಸುಲಭ: ಬಿರುಕಿನ ಉದ್ದಕ್ಕೂ ಎರಡು ಇಂಚು ಅಗಲದ ಟೇಪ್ ಅಂಟಿಸಿ, ಅದರ ಮೇಲೆ ಜಾಲರಿ ಇಟ್ಟು ಕೋಟಿಂಗ್ ಎಳೆದರೆ ಟೇಪ್ ಇದ್ದಷ್ಟು ಅಗಲಕ್ಕೆ ಕೋಟಿಂಗ್ ನೆಲಕ್ಕೆ ಅಂಟಲ್ಲ. ಆಗ ಅದೇ ಕಾಲು ಮಿಲಿಮೀಟರ್ ಐವತ್ತು ಮಿಲಿಮೀಟರಿಗೆ ಹಂಚಿಹೋಗುತ್ತದೆ. ಅದು ಏನೂ ಅಲ್ಲ. ನಾನು ಟೇಪ್ ಹಾಕಿರಲಿಲ್ಲ, ಆತುರ.

ಎರಡನೇ ಸಲ ದೊಡ್ಡ ಮನಸ್ಸು ಮಾಡಿ ಟಾರಿನ ಮೆಂಬ್ರೇನ್ ಹಾಕಿಸಿದೆ. ಗ್ಯಾಸ್ ಬರ್ನರ್‌ನಲ್ಲಿ ಕಾಯಿಸಿ ಅಂಟಿಸುವ ನಾಲ್ಕು ಮಿಲಿಮೀಟರ್ ಹಾಳೆ. ಕೆಲಸದವರು ಚೆನ್ನಾಗಿಯೇ ಮಾಡಿದರು. ಹಾಳೆ ಮೇಲೆ ಹಾಳೆ ನಾಲ್ಕು ಇಂಚು ಏರಿಸಿ, ಅಂಚಿನಿಂದ ಕರಗಿದ ಟಾರು ಸಣ್ಣ ದಾರದ ಹಾಗೆ ಹೊರಗೆ ಬರುವವರೆಗೂ ಕಾಯಿಸಿದರು. ಆ ದಾರ ಕಂಡರೆ ಜೋಡಣೆ ಕೂತಿದೆ ಅಂತ ಅರ್ಥ. ಆದರೆ ಏಪ್ರಿಲ್ ಬರುವಷ್ಟರಲ್ಲಿ ತಾರಸಿ ತುಂಬ ತಟ್ಟೆಯಷ್ಟು ಅಗಲದ ಉಬ್ಬುಗಳು. ಮಧ್ಯಾಹ್ನ ಕಾಲಿಟ್ಟರೆ ದಿಂಬಿನ ಮೇಲೆ ನಿಂತ ಹಾಗೆ. ಒಂದನ್ನು ಚಾಕುವಿನಲ್ಲಿ ಚುಚ್ಚಿದೆ, ಬಿಸಿ ಗಾಳಿ ಬಂತು, ಹಿಂದೆಯೇ ಒಂದು ಚಮಚದಷ್ಟು ಬೆಚ್ಚಗಿನ ನೀರು.

ಮೆಂಬ್ರೇನ್‌ದು ತಪ್ಪೇನಿಲ್ಲ. ಕೆಳಗಿನ ಕೋಬಾ ಒದ್ದೆಯಿತ್ತು, ನಾವು ಅದರ ಬಾಯಿ ಮುಚ್ಚಿದೆವು. ಬಿಸಿಲಿಗೆ ಆ ನೀರು ಆವಿಯಾಗಿ ಹಾಳೆಯನ್ನು ಎತ್ತಿತು. ಅಂಟಿಸುವ ಮುಂಚೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ, ಮಾರನೇ ದಿನ ಬಿಚ್ಚಿ ನೋಡಿದ್ದರೆ ಒಳಗೆ ಹನಿ ಕಾಣುತ್ತಿತ್ತು. ಇನ್ನೊಂದು ತಪ್ಪು ಪ್ಯಾರಾಪೆಟ್ ಹತ್ತಿರ. ಹಾಳೆಯನ್ನು ಪ್ಲಾಸ್ಟರ್ ಮೇಲೆ ಸುಮ್ನೆ ಅಂಟಿಸಿ ಬಿಟ್ಟಿದ್ದರು. ಗೋಡೆಯಲ್ಲಿ ಉದ್ದಕ್ಕೆ ಸೀಳು ಕೊರೆದು ಅಂಚನ್ನು ಒಳಗೆ ತೂರಿಸಿ ಮುಚ್ಚಬೇಕು, ಇಲ್ಲದಿದ್ದರೆ ಗೋಡೆ ಮೇಲೆ ಇಳಿಯುವ ನೀರು ಹಾಳೆಯ ಹಿಂದೆ ಹೋಗುತ್ತದೆ.

ಮೂರನೇ ವರ್ಷ ಸೋರುವ ಜಾಗದ ಮೇಲೆ ಎರಡಡಿ ಚೌಕ ಗುರುತು ಹಾಕಿ ಒಡೆಸಿದೆ. ಮಳೆ ಬಿದ್ದು ಹದಿನೈದು ದಿನವಾಗಿತ್ತು. ಆರಿಂಚು ಕೆಳಗೆ ಇಟ್ಟಿಗೆ ಚೂರುಗಳು ಆಗ ತಾನೇ ಬಾವಿಯಿಂದ ತೆಗೆದ ಹಾಗೆ ಕಪ್ಪಗಿದ್ದವು. ಅರ್ಧ ಗಂಟೆಯಲ್ಲಿ ಗುಂಡಿಯ ತಳಕ್ಕೆ ಸುತ್ತಲಿಂದ ನೀರು ಒಸರಿ ಒಂದು ಬೆರಳು ನಿಂತಿತು.

ಕೋಬಾ ಸೋಲೋದು ಹೀಗೆ. ಅದು ವಾಟಕ್ಕೆ, ಅಂದರೆ ನೀರು ಹರಿದುಹೋಗುವ ಇಳಿಜಾರಿಗೆ, ಮತ್ತೆ ಬಿಸಿಲು ತಡೆಯೋಕೆ ಒಳ್ಳೆಯದು. ನೀರು ತಡೆಯುವುದು ಮೇಲಿನ ಮುಕ್ಕಾಲಿಂಚು ಗಾರೆ ಮತ್ತು ಚೂರುಗಳ ನಡುವಿನ ಗಾರೆ ಮಾತ್ರ. ಅದರಲ್ಲೂ ಚೂರುಗಳನ್ನು ನೀರಲ್ಲಿ ನೆನೆಸದೆ ಇಟ್ಟರೆ ಇಟ್ಟಿಗೆಯೇ ಗಾರೆಯ ನೀರು ಕುಡಿದು, ಸಂದಿಯ ಗಾರೆ ಪುಡಿಪುಡಿಯಾಗುತ್ತದೆ. ನಮ್ಮದನ್ನು ಬೆರಳಲ್ಲಿ ಉಜ್ಜಿದರೆ ಉದುರುತ್ತಿತ್ತು. ಒಂದು ಕಡೆ ನೀರು ಇಳಿದರೆ ಇಡೀ ತಾರಸಿ ಸ್ಪಂಜು. ಮೋಲ್ಡ್‌ನ ಯಾವುದೋ ಮೂಲೆಯ ಬಿರುಕು ಸಿಕ್ಕಲ್ಲಿ ಅದು ಕೆಳಗೆ ಬರುತ್ತದೆ. ಅದಕ್ಕೇ ಸೂರಿನ ಕಲೆಯ ನೇರ ಮೇಲೆ ಹುಡುಕಿದರೆ ಏನೂ ಸಿಗಲ್ಲ.

ಇಡೀ ಕೋಬಾ ಕಿತ್ತೆವು. ದೊಡ್ಡ ಸುತ್ತಿಗೆ ಬೇಡ ಅಂದೆ, ಸಣ್ಣ ಬ್ರೇಕರ್ ಸಾಕು, ಕೆಳಗೆ ಮೋಲ್ಡ್ ಇದೆ ಅಲ್ವಾ. ತೊಳೆದು, ತಾರಸಿ ಪೂರ್ತಿ ನೆನೆಸಿ, ಒಣಗುವುದನ್ನು ನೋಡುತ್ತಾ ಕೂತೆ. ಉಳಿದ ಜಾಗವೆಲ್ಲ ಬೆಳ್ಳಗಾದ ಮೇಲೂ ಬಿರುಕಿದ್ದ ಕಡೆ ಕಪ್ಪು ಗೆರೆ ಉಳಿಯುತ್ತದೆ. ಮೂರು ಗೆರೆ ಸಿಕ್ಕವು. ಒಂದು ನಡುವೆ, ಒಂದು ಪೈಪಿನ ಸುತ್ತ ಉಂಗುರದ ಹಾಗೆ, ಇನ್ನೊಂದು ಪ್ಯಾರಾಪೆಟ್ ಬುಡದ ಉದ್ದಕ್ಕೂ. ಪ್ಯಾರಾಪೆಟ್ ಆಮೇಲೆ ಕಟ್ಟಿದ್ದು, ಆ ಸಂದಿ ಇದ್ದೇ ಇರುತ್ತದೆ.

ಈ ಸಲ ಮತ್ತೆ ಸಿಮೆಂಟ್ ಕೋಟಿಂಗನ್ನೇ ಹಿಡಿದೆ, ಆದರೆ ನೇರ ಮೋಲ್ಡ್ ಮೇಲೆ. ಕಾರಣ, ಅದಕ್ಕೆ ಒದ್ದೆ ಮೈ ಬೇಕೇ ಬೇಕು, ನೀರು ನಿಂತಿರಬಾರದು ಅಷ್ಟೇ. ಮೆಂಬ್ರೇನ್‌ಗೆ ಬೇಕಾಗುವಷ್ಟು ಒಣಗಿಸುತ್ತಾ ಕೂರುವ ಪುರುಸೊತ್ತು ಇರಲಿಲ್ಲ. ಬಿರುಕುಗಳನ್ನು ವಿ ಆಕಾರಕ್ಕೆ ಕೊರೆದು ತುಂಬಿಸಿ ಟೇಪ್ ಹಾಕಿದೆವು. ಪೈಪಿನ ಸುತ್ತ ಅಗೆದು ಕುಗ್ಗದ ಗ್ರೌಟ್ ತುಂಬಿದೆವು. ಪ್ಯಾರಾಪೆಟ್ ಬುಡದ ಮೂಲೆ ದುಂಡಗಾಗುವ ಹಾಗೆ ಗಾರೆಯಲ್ಲಿ ಗೋಲಾ ತಿರುಗಿಸಿ, ಜಾಲರಿ ಇಟ್ಟು, ಕೋಟಿಂಗನ್ನು ಗೋಡೆ ಮೇಲೆ ಒಂದಡಿ ಹತ್ತಿಸಿದೆವು. ಮೊದಲ ಕೈ ಉದ್ದಕ್ಕೆ, ಐದು ಗಂಟೆ ಬಿಟ್ಟು ಎರಡನೇ ಕೈ ಅಡ್ಡಕ್ಕೆ. ಒಂದು ವಾರ ಗಟ್ಟಿಯಾಗಲು ಬಿಟ್ಟು, ಪೈಪಿನ ಬಾಯಿ ಕಟ್ಟಿ ಮೂರು ದಿನ ಎರಡಿಂಚು ನೀರು ನಿಲ್ಲಿಸಿದೆ. ಸೂರು ಒಣಗಿಯೇ ಇತ್ತು.

ವಾಟಕ್ಕೆ ಮತ್ತೆ ಕೋಬಾ ಹಾಕಲಿಲ್ಲ. ಒಂದೇ ಮೂಲೆಗೆ ಎದುರು ಮೂಲೆಯಿಂದ, ಅಂದರೆ ನಲವತ್ತೆರಡು ಅಡಿಯಿಂದ, ನೀರು ಹರಿಸಬೇಕು ಅಂದರೆ ನೂರಕ್ಕೆ ಒಂದರ ವಾಟದಲ್ಲೇ ಆ ತುದಿ ಐದು ಇಂಚು ಎತ್ತರ ಬರುತ್ತದೆ, ಅದಕ್ಕೇ ಹಳೆಯದು ಅಷ್ಟು ದಪ್ಪ ಇದ್ದದ್ದು. ಹಳೆ ಪೈಪು ಬಂದ್ ಮಾಡಿ, ಎದುರುಬದುರು ಪ್ಯಾರಾಪೆಟ್‌ನಲ್ಲಿ ಒಂದೊಂದು ಕಡೆ ಎರಡೆರಡು ಕಂಡಿ ಕೊರೆಸಿದೆ, ಹರಿಯುವ ದೂರ ಅರ್ಧಕ್ಕೂ ಕಡಿಮೆಯಾಯಿತು. ಕಂಡಿ ಬಾಯಲ್ಲಿ ಒಂದೂವರೆ ಇಂಚು, ನಡುವೆ ಮೂರೂವರೆ ಇಂಚಿನ ಬರೀ ಗಾರೆ ಸಾಕಾಯಿತು. ಕೋಟಿಂಗ್‌ಗೆ ಬಿಸಿಲೂ ಇಲ್ಲ, ಕಾಲೂ ತಗಲಲ್ಲ.

ಇದರಲ್ಲೂ ಒಂದು ಕಷ್ಟ ಇದೆ. ಗಾರೆ ಕೆಳಗಿನ ಕೋಟಿಂಗ್ ತೂತಾದರೆ ಕಣ್ಣಿಗೆ ಕಾಣಲ್ಲ. ಮೊನ್ನೆ ಸೋಲಾರ್ ಹೀಟರ್ ಕೂರಿಸೋಕೆ ಬಂದ ಹುಡುಗರು ನಾನು ಕೆಳಗೆ ಕಾಫಿ ಕುಡಿಯುತ್ತಿದ್ದಾಗ ಸ್ಟ್ಯಾಂಡಿನ ಒಂದು ಕಾಲಿಗೆ ನಾಲ್ಕಿಂಚು ಆಳಕ್ಕೆ ಡ್ರಿಲ್ ಮಾಡಿಬಿಟ್ಟಿದ್ದರು. ಓಡಿಹೋಗಿ ನಿಲ್ಲಿಸಿದೆ. ಆ ತೂತಿನ ಸುತ್ತ ಒಂದಡಿ ಗಾರೆ ಕಿತ್ತು, ಎಪಾಕ್ಸಿ ತುಂಬಿ, ಜಾಲರಿ ಇಟ್ಟು ಮತ್ತೆ ಎರಡು ಕೈ ಕೋಟಿಂಗ್ ಎಳೆದೆ. ಸ್ಟ್ಯಾಂಡ್ ಈಗ ನಾಲ್ಕು ಭಾರದ ಕಾಂಕ್ರೀಟ್ ದಿಮ್ಮಿಗಳಿಗೆ ಬೋಲ್ಟ್ ಆಗಿದೆ, ದಿಮ್ಮಿಗಳು ಗಾರೆ ಮೇಲೆ ಸುಮ್ನೆ ಕೂತಿವೆ.