ಮಣ್ಣು ಪರೀಕ್ಷೆ ವರದಿ ನೋಡಿ ಫುಟಿಂಗ್ ಅಳತೆ ತೆಗೆಯುವುದು ಹೇಗೆ?

ಮನೆ ಕಟ್ಟುವ ಮೊದಲು ಮಣ್ಣು ಪರೀಕ್ಷೆ ಮಾಡಿಸುವವರು ಈಗ ತುಂಬಾ ಜನ ಇದ್ದಾರೆ. ಆದರೆ ವರದಿ ಕೈಗೆ ಬಂದಾಗ ಹೆಚ್ಚಿನವರು ನೇರವಾಗಿ ಕೊನೆ ಪುಟಕ್ಕೆ ಹೋಗುತ್ತಾರೆ. ಅಲ್ಲಿರುವ ಎಸ್‌ಬಿಸಿ ಅಂಕಿಯನ್ನು ಎಂಜಿನಿಯರ್‌ಗೆ ಫೋನಿನಲ್ಲಿ ಹೇಳುತ್ತಾರೆ. ವರದಿ ಬೀರು ಸೇರುತ್ತದೆ. ಫುಟಿಂಗ್ ಎಂದರೆ ಪಿಲ್ಲರ್ ಭಾರವನ್ನು ಮಣ್ಣಿಗೆ ಹರಡುವ ಅಗಲವಾದ ತಳ. ಎಷ್ಟು ಆಳದಲ್ಲಿ, ಎಷ್ಟು ಅಗಲದ ಫುಟಿಂಗ್‌ಗೆ ಆ ಅಂಕಿ ಎಂದು ಯಾರೂ ಕೇಳುವುದಿಲ್ಲ. ಪಾಯ ಕೆಡುವುದು ಇಲ್ಲೇ.

ಎಸ್‌ಬಿಸಿ ಎಂದರೆ ಒಂದು ಚದರ ಮೀಟರ್ ಜಾಗದ ಮಣ್ಣು ಸುರಕ್ಷಿತವಾಗಿ ಹೊರುವ ಭಾರ. ವರದಿಯಲ್ಲಿ ಅದು ಕಿಲೋನ್ಯೂಟನ್‌ನಲ್ಲಿ ಇರುತ್ತದೆ. ಟನ್ನಿನಲ್ಲಿ ಬರೆದಿದ್ದರೆ ಹತ್ತಿರ ಹತ್ತಿರ 10ರಿಂದ ಗುಣಿಸಿ. 15 ಟನ್ ಎಂದರೆ ಸುಮಾರು 150 ಕಿಲೋನ್ಯೂಟನ್. ಸುರಕ್ಷತೆಯ ಅಂಶವನ್ನು ಇದರೊಳಗೇ ಸೇರಿಸಿರುತ್ತಾರೆ, ನೀವು ಮತ್ತೆ ಭಾಗಿಸಬೇಕಿಲ್ಲ.

ಮೊದಲು ಬೋರ್ ಲಾಗ್ ನೋಡಿ

ಬೋರ್ ಲಾಗ್ ಎಂದರೆ ಪರೀಕ್ಷೆಗೆ ಕೊರೆದ ರಂಧ್ರದಲ್ಲಿ ಯಾವ ಆಳದಲ್ಲಿ ಯಾವ ಮಣ್ಣು ಸಿಕ್ಕಿತು ಎಂಬ ಪಟ್ಟಿ. ಅದರ ಪಕ್ಕದಲ್ಲಿ ಎನ್ ಬೆಲೆ ಇರುತ್ತದೆ. 63.5 ಕೆಜಿ ತೂಕದ ಸುತ್ತಿಗೆಯನ್ನು 75 ಸೆಂಮೀ ಎತ್ತರದಿಂದ ಬಿಟ್ಟು, ಕೊಳವೆ 30 ಸೆಂಮೀ ಇಳಿಯಲು ಎಷ್ಟು ಪೆಟ್ಟು ಬೇಕಾಯಿತು ಎಂಬ ಲೆಕ್ಕ ಅದು. ಪೆಟ್ಟು ಜಾಸ್ತಿ ಬಿದ್ದಷ್ಟೂ ಮಣ್ಣು ಗಟ್ಟಿ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬೆಂಗಳೂರಿನ ಅಂಚಿನ ಬಡಾವಣೆಯಲ್ಲಿ 30×40 ಸೈಟು, ಮೂರು ಅಂತಸ್ತಿನ ಮನೆ. ಲಾಗ್‌ನಲ್ಲಿ ಮೇಲಿನ 1.2 ಮೀಟರ್ ತುಂಬಿದ ಮಣ್ಣು ಎಂದಿದೆ. ಅದರ ಕೆಳಗೆ ಜೇಡಿ ಬೆರೆತ ಕೆಂಪು ಮರಳುಮಣ್ಣು, ಎನ್ 12. ಮೂರು ಮೀಟರ್ ದಾಟಿದ ಮೇಲೆ ಎನ್ 24. ಇಷ್ಟರಲ್ಲೇ ಒಂದು ವಿಷಯ ತೀರ್ಮಾನವಾಯಿತು. ಮೊದಲ 1.2 ಮೀಟರ್‌ನ ಒಳಗೆ ಪಾಯ ನಿಲ್ಲಿಸುವಂತಿಲ್ಲ.

ಪಕ್ಕದ ಸೈಟಿನ ವರದಿಯನ್ನೇ ಬಳಸಿಕೊಳ್ಳಿ ಎನ್ನುವವರಿದ್ದಾರೆ. ಬೇಡ. ಕೆರೆ ಅಂಗಳ, ರಾಜಕಾಲುವೆ, ಹಳೇ ಬಾವಿ ಇದ್ದ ಕಡೆ ಹತ್ತು ಅಡಿ ಅಂತರದಲ್ಲಿ ಮಣ್ಣು ಬದಲಾಗುತ್ತದೆ. 30×40 ಸೈಟಾದರೂ ಎರಡು ಬೋರ್ ಹಾಕಿಸಿ, ಒಂದು ತಗ್ಗಿನ ಮೂಲೆಯಲ್ಲಿರಲಿ.

ಎಸ್‌ಬಿಸಿ ಕೋಷ್ಟಕ: ಇಲ್ಲಿ ಅವಸರ ಬೇಡ

ಒಳ್ಳೆಯ ವರದಿಯಲ್ಲಿ ಎಸ್‌ಬಿಸಿ ಒಂದೇ ಅಂಕಿಯಾಗಿ ಇರುವುದಿಲ್ಲ, ಕೋಷ್ಟಕವಾಗಿ ಇರುತ್ತದೆ. ಒಂದು ಕಡೆ ಆಳ, ಇನ್ನೊಂದು ಕಡೆ ಫುಟಿಂಗ್ ಅಗಲ. ನಮ್ಮ ಉದಾಹರಣೆಯಲ್ಲಿ 2 ಮೀಟರ್ ಆಳದಲ್ಲಿ 1.5 ಮೀಟರ್ ಅಗಲಕ್ಕೆ 160, 2 ಮೀಟರ್ ಅಗಲಕ್ಕೆ 145 ಎಂದಿದೆ ಎನ್ನಿ. 1.5 ಮೀಟರ್ ಆಳದಲ್ಲೇ ನಿಲ್ಲಿಸಿದರೆ ಅವು 120 ಮತ್ತು 110ಕ್ಕೆ ಇಳಿಯುತ್ತವೆ.

ಫುಟಿಂಗ್ ಅಗಲವಾದರೆ ಅಂಕಿ ಕಡಿಮೆಯಾಗುವುದು ಯಾಕೆ? ಮಣ್ಣಿನ ತಾಳಿಕೆಯನ್ನು ಎರಡು ರೀತಿಯಲ್ಲಿ ಲೆಕ್ಕ ಹಾಕುತ್ತಾರೆ. ಮಣ್ಣು ಬಿರಿದು ಪಕ್ಕಕ್ಕೆ ಜಾರದಂತೆ ಎಷ್ಟು ಭಾರ ಹಾಕಬಹುದು ಎಂಬುದು ಒಂದು. ಫುಟಿಂಗ್ ನಿಗದಿತ ಮಿತಿಗಿಂತ ಜಾಸ್ತಿ ಕುಸಿಯದಂತೆ ಎಷ್ಟು ಹಾಕಬಹುದು ಎಂಬುದು ಇನ್ನೊಂದು. ಎರಡರಲ್ಲಿ ಯಾವುದು ಕಡಿಮೆಯೋ ಅದೇ ಕೋಷ್ಟಕಕ್ಕೆ ಬರುತ್ತದೆ. ಅಗಲವಾದ ಫುಟಿಂಗ್‌ನ ಒತ್ತಡ ಇನ್ನೂ ಆಳದ ಮಣ್ಣಿಗೆ ತಲುಪುತ್ತದೆ, ಕುಸಿತ ಜಾಸ್ತಿಯಾಗುತ್ತದೆ. ಈ ವರದಿಯಲ್ಲಿ ಕುಸಿತದ ಮಿತಿ 25 ಮಿಮೀ ಎಂದುಕೊಳ್ಳಿ. ಬೇರೆ ವರದಿಯಲ್ಲಿ 50 ಮಿಮೀ ಹಿಡಿದಿರಬಹುದು. ಅದರಲ್ಲಿ ಅಂಕಿ ದೊಡ್ಡದಾಗಿ ಕಂಡರೆ ಮಣ್ಣು ಗಟ್ಟಿ ಎಂದಲ್ಲ.

ಇನ್ನು ಆಳ. ವರದಿಯ 2 ಮೀಟರ್ ಎಂದರೆ ಪರೀಕ್ಷೆ ಮಾಡಿದ ದಿನ ಇದ್ದ ನೆಲದಿಂದ 2 ಮೀಟರ್. ಆಮೇಲೆ ರಸ್ತೆ ಮಟ್ಟಕ್ಕೆ ತರಲು ಮೂರು ಅಡಿ ಮಣ್ಣು ತುಂಬಿಸಿ, ಹೊಸ ನೆಲದಿಂದ ಟೇಪ್ ಹಿಡಿದು 2 ಮೀಟರ್ ಅಗೆದರೆ ಏನಾಗುತ್ತದೆ? ಹಳೇ ನೆಲದಿಂದ 1.1 ಮೀಟರ್ ಮಾತ್ರ ಇಳಿದಂತಾಯಿತು. ಫುಟಿಂಗ್ ಇನ್ನೂ ತುಂಬಿದ ಮಣ್ಣಿನಲ್ಲೇ ಕೂತಿದೆ! ನಾನು ಕಂಡ ತಪ್ಪುಗಳಲ್ಲಿ ಇದೇ ಹೆಚ್ಚು. ಬೋರ್ ಹಾಕುವ ದಿನವೇ ಕಾಂಪೌಂಡ್ ಗೋಡೆಯ ಮೇಲೆ ನೆಲಮಟ್ಟದ ಗುರುತು ಮಾಡಿಸಿ, ಆಳವನ್ನು ಅಲ್ಲಿಂದಲೇ ಅಳೆಯಿರಿ.

ಕೋಷ್ಟಕವೇ ಇಲ್ಲದ, ಒಂದೇ ಅಂಕಿ ಬರೆದ ಒಂದೆರಡು ಪುಟದ ವರದಿಗಳೂ ಕಡಿಮೆ ದುಡ್ಡಿಗೆ ಸಿಗುತ್ತವೆ. ಆ ದುಡ್ಡು ದಂಡ. ಮಣ್ಣಿನ ಮೇಲೆ ಉಕ್ಕಿನ ಪ್ಲೇಟ್ ಇಟ್ಟು ಭಾರ ಹೇರಿ ನೋಡುವ ಪ್ಲೇಟ್ ಪರೀಕ್ಷೆಯೊಂದನ್ನೇ ನೆಚ್ಚಬೇಡಿ. ಒಂದು ಅಡಿ ಅಗಲದ ಪ್ಲೇಟಿಗೆ ಹೆಚ್ಚೆಂದರೆ ಎರಡು ಅಡಿ ಕೆಳಗಿನ ಮಣ್ಣು ಗೊತ್ತಾಗುತ್ತದೆ, ಅದರ ಕೆಳಗಿನ ಮೆತ್ತನೆ ಪದರ ಗೊತ್ತೇ ಆಗುವುದಿಲ್ಲ.

ಅಳತೆ ತೆಗೆಯುವುದು

ನಡುವಿನ ಒಂದು ಪಿಲ್ಲರ್ ಮೇಲೆ 480 ಕಿಲೋನ್ಯೂಟನ್, ಅಂದರೆ ಸುಮಾರು 49 ಟನ್ ಭಾರ ಬರುತ್ತದೆ ಎನ್ನಿ. ಫುಟಿಂಗ್‌ನ ಸ್ವಂತ ತೂಕಕ್ಕೆ ಶೇ 10 ಸೇರಿಸಿದರೆ 528. ಇದನ್ನು 160ರಿಂದ ಭಾಗಿಸಿದರೆ 3.3 ಚದರ ಮೀಟರ್, ಚೌಕ ಹಾಕಿದರೆ ಒಂದು ಬದಿ 1.82 ಮೀಟರ್. ಇಲ್ಲಿಗೆ ನಿಲ್ಲಿಸಬೇಡಿ. 160 ಇದ್ದದ್ದು 1.5 ಮೀಟರ್ ಅಗಲಕ್ಕೆ, ನಮ್ಮದು ಅದನ್ನು ದಾಟಿತು ಅಲ್ವಾ? ಹಾಗಾಗಿ 2 ಮೀಟರ್‌ನ 145 ಹಿಡಿದು ಮತ್ತೆ ಭಾಗಿಸಿ. 3.64 ಚದರ ಮೀಟರ್ ಬರುತ್ತದೆ, ಬದಿ 1.91. ನಾನಾದರೆ 1.95 ಮೀಟರ್ ಇಡುತ್ತೇನೆ, ಅಂದರೆ ಆರೂವರೆ ಅಡಿಗೆ ಸ್ವಲ್ಪ ಕಡಿಮೆ.

ಮೇಸ್ತ್ರಿ "ಐದಡಿ ಬೈ ಐದಡಿ ಸಾಕು ಸಾರ್" ಎಂದರೆ ಲೆಕ್ಕ ತೋರಿಸಿ. ಐದಡಿ ಚೌಕ ಎಂದರೆ 2.32 ಚದರ ಮೀಟರ್. ಒತ್ತಡ 227ಕ್ಕೆ ಏರುತ್ತದೆ, ಮಣ್ಣಿಗೆ ಕೊಟ್ಟ ಮಿತಿ 160. ಮನೆ ಮರುದಿನವೇ ಬೀಳುವುದಿಲ್ಲ. ಈ ಪಿಲ್ಲರ್ ಪಕ್ಕದ್ದಕ್ಕಿಂತ ಜಾಸ್ತಿ ಇಳಿಯುತ್ತದೆ, ಕಿಟಕಿ ಮೂಲೆಗಳಿಂದ ಓರೆಯಾಗಿ ಬಿರುಕು ಹೊರಡುತ್ತದೆ.

ಇದಕ್ಕೆ ಉಲ್ಟಾ ತಪ್ಪೂ ಇದೆ. ಡಿಸೈನ್ ಹಾಳೆಯಲ್ಲಿ ಪಿಲ್ಲರ್ ಭಾರವನ್ನು 1.5ರಿಂದ ಗುಣಿಸಿ 720 ಎಂದು ಬರೆದಿರುತ್ತಾರೆ. ಅದನ್ನು ಎಸ್‌ಬಿಸಿಯಿಂದ ಭಾಗಿಸಿದರೆ ಫುಟಿಂಗ್ ಸುಮ್ನೆ ದೊಡ್ಡದಾಗುತ್ತದೆ. ಅಗಲಕ್ಕೆ ಗುಣಿಸದ ಭಾರ, ದಪ್ಪ ಮತ್ತು ಕಬ್ಬಿಣಕ್ಕೆ ಗುಣಿಸಿದ ಭಾರ. ಇಷ್ಟೇ.

ನೀರು ಮತ್ತು ಎರೆ ಮಣ್ಣು

ಬೋರ್ ಹಾಕಿದ ತಿಂಗಳು ನೋಡಿ. ಏಪ್ರಿಲ್‌ನಲ್ಲಿ ನೀರು ಸಿಗಲಿಲ್ಲ ಎಂದರೆ ಮಳೆಗಾಲದಲ್ಲೂ ಸಿಗುವುದಿಲ್ಲ ಎಂದಲ್ಲ. ಮರಳುಮಣ್ಣಿನಲ್ಲಿ ನೀರು ಫುಟಿಂಗ್ ಮೇಲಕ್ಕೆ ಬಂದರೆ ತಾಳಿಕೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಬಹುದು. ಮಳೆಗಾಲದ ನೀರಿನ ಮಟ್ಟ ಹಿಡಿದು ಲೆಕ್ಕ ಮಾಡಿದ್ದಾರಾ ಎಂದು ಕೇಳಿ.

ಹುಬ್ಬಳ್ಳಿ, ಗದಗ, ಕಲಬುರಗಿ ಕಡೆಯ ಎರೆ ಮಣ್ಣಿನಲ್ಲಿ ಬರೀ ಎಸ್‌ಬಿಸಿ ನೋಡಿದರೆ ಸಾಲದು. ಮಣ್ಣು ನೀರಿನಲ್ಲಿ ಎಷ್ಟು ಉಬ್ಬುತ್ತದೆ ಎಂದು ಹೇಳುವ ಫ್ರೀ ಸ್ವೆಲ್ ಎಂಬ ಸಾಲು ಹುಡುಕಿ. ಅದು ಶೇ 50 ದಾಟಿದ್ದರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗಿ ಪಾಯವನ್ನೇ ಎತ್ತಿ ಇಳಿಸುತ್ತದೆ. ಫುಟಿಂಗ್ ಅಗಲ ಮಾಡಿ ಉಪಯೋಗವಿಲ್ಲ. ಎರೆ ಪದರ ದಾಟಿ ಕೆಳಗಿನ ಗರಸಿನ ಮೇಲೆ ಕೂರಿಸಿ. ಅದು ತೀರಾ ಆಳದಲ್ಲಿದ್ದರೆ ಅಂಡರ್‌ರೀಮ್ಡ್ ಪೈಲ್, ಅಂದರೆ ಬುಡದ ಹತ್ತಿರ ಉಬ್ಬಿಸಿದ ಕಾಂಕ್ರೀಟ್ ಕಂಬ, ಹಾಕಿಸಿ.

ಗುಂಡಿ ತೋಡಿದ ಮೇಲೆ

ವರದಿಯನ್ನು ಸೈಟಿಗೆ ತನ್ನಿ. ತಳದಲ್ಲಿ ಕಾಣುವ ಮಣ್ಣು ಲಾಗ್‌ನಲ್ಲಿ ಬರೆದದ್ದೇನಾ ನೋಡಿ. ಕಪ್ಪು ಕೆಸರೋ ಇಟ್ಟಿಗೆ ಚೂರೋ ಪ್ಲಾಸ್ಟಿಕ್ಕೋ ಕಂಡರೆ ಅದು ತುಂಬಿದ ಮಣ್ಣು, ಗಟ್ಟಿ ನೆಲ ಸಿಗುವವರೆಗೆ ಇಳಿಯಿರಿ. ಜಾಸ್ತಿ ಅಗೆದ ಜಾಗವನ್ನು ಅಗೆದ ಮಣ್ಣಿನಿಂದ ಮುಚ್ಚಬಾರದು, ಸಿಮೆಂಟ್ ಕಡಿಮೆ ಇರುವ ಬಡ ಕಾಂಕ್ರೀಟ್ ಹಾಕಿ ಮಟ್ಟಕ್ಕೆ ತನ್ನಿ. ರಾತ್ರಿ ಮಳೆ ಬಂದು ಗುಂಡಿಯಲ್ಲಿ ನೀರು ನಿಂತಿದ್ದರೆ ನೀರು ತೆಗೆದರೆ ಸಾಲದು. ನೆನೆದು ಮೆತ್ತಗಾದ ಮೇಲ್ಪದರವನ್ನು ಕೆರೆದು ತೆಗೆಸಿ, ಆಮೇಲೆ ಪಿಸಿಸಿ, ಅಂದರೆ ಕಬ್ಬಿಣವಿಲ್ಲದ ತಳದ ಕಾಂಕ್ರೀಟ್, ಹಾಕಿಸಿ.