ಫೋಟೊದಲ್ಲಿ ಬಂದ ದ್ವಿಪದ ಲೆಕ್ಕ: ನಿಖರವಾಗಿ 2, ಕನಿಷ್ಠ 2, ಗರಿಷ್ಠ 2

ದ್ವಿತೀಯ ಪಿಯುಸಿ ಮಕ್ಕಳು ವಾಟ್ಸಾಪಿನಲ್ಲಿ ಲೆಕ್ಕದ ಫೋಟೊ ಕಳಿಸಿದಾಗ ನಾನು ಮೊದಲು ಇಡೀ ಪ್ರಶ್ನೆಯನ್ನು ಕಾಗದದ ಮೇಲೆ ಬರೆದುಕೊಳ್ಳುತ್ತೇನೆ. ಪುಟದ ಅಂಚು ಕತ್ತರಿಸಿಹೋಗಿ ‘ಕನಿಷ್ಠ’ ಎಂಬ ಒಂದು ಪದ ಕಾಣದಿದ್ದರೆ ಲೆಕ್ಕವೇ ಬೇರೆಯಾಗುತ್ತದೆ. ಅಂಥ ಫೋಟೊ ಬಂದರೆ ಊಹಿಸದೆ ಇನ್ನೊಂದು ಫೋಟೊ ಕೇಳುತ್ತೇನೆ.

ಈ ಲೆಕ್ಕ ನೋಡಿ: ಬಲ್ಬುಗಳ ದೊಡ್ಡ ರಾಶಿಯಲ್ಲಿ 10% ದೋಷಯುಕ್ತ. 6 ಬಲ್ಬು ತೆಗೆದರೆ ಗರಿಷ್ಠ 2 ದೋಷಯುಕ್ತವಾಗಿರುವ ಸಂಭವನೀಯತೆ ಎಷ್ಟು?

X ಅಂದರೆ ದೋಷಯುಕ್ತ ಬಲ್ಬುಗಳ ಸಂಖ್ಯೆ ಎಂದು ಮೊದಲೇ ಬರೆಯಬೇಕು. ಆಗ n = 6, p = 0.1, q = 0.9. ಸೂತ್ರಕ್ಕೆ ಕೈಹಾಕುವ ಮುನ್ನ 0 1 2 3 4 5 6 ಎಂದು ಒಂದು ಸಾಲು ಬರೆದು, ಪ್ರಶ್ನೆ ಒಪ್ಪುವ ಸಂಖ್ಯೆಗಳಿಗೆ ಮಾತ್ರ ಸುತ್ತು ಹಾಕುತ್ತೇನೆ. ‘ನಿಖರವಾಗಿ 2’ ಅಂದರೆ 2 ಒಂದಕ್ಕೇ ಸುತ್ತು. ‘ಗರಿಷ್ಠ 2’ ಅಂದರೆ 0, 1, 2. ‘ಕನಿಷ್ಠ 2’ ಅಂದರೆ 2ರಿಂದ 6ರವರೆಗೆ. ಮಕ್ಕಳು ಹೆಚ್ಚಾಗಿ ಬಿಟ್ಟುಬಿಡುವುದು 0 ಅನ್ನು. ಒಂದೂ ಕೆಟ್ಟಿಲ್ಲದಿದ್ದರೂ ‘ಗರಿಷ್ಠ 2’ ಸರಿಯೇ.

P(X = 0) = 0.9⁶ = 0.531441
P(X = 1) = 6 × 0.1 × 0.9⁵ = 0.354294
P(X = 2) = 15 × 0.1² × 0.9⁴ = 0.098415

ಮೂರನ್ನೂ ಕೂಡಿದರೆ 0.98415. ಇದು ‘ಗರಿಷ್ಠ 2’ರ ಉತ್ತರ. ‘ನಿಖರವಾಗಿ 2’ರದ್ದು 0.098415. ಅಂಕಿಗಳು ಒಂದೇ, ಬಿಂದುವಿನ ಜಾಗ ಮಾತ್ರ ಬೇರೆ! ಈ ಸಂಖ್ಯೆಗಳಲ್ಲಿ ಮೊತ್ತವು ಸರಿಯಾಗಿ 10 ಪಟ್ಟು ಬರುವುದರಿಂದ ಹೀಗಾಗಿದೆ. ಮಸುಕಾದ ಫೋಟೊದಲ್ಲಿ ಉತ್ತರ ಹೋಲಿಸಿ ನೋಡುವವರು ದಶಮಾಂಶ ಬಿಂದು ತಪ್ಪಿದೆ ಅಂದುಕೊಂಡು ಮುಂದೆ ಹೋಗುತ್ತಾರೆ, ನಿಜವಾಗಿ ತಪ್ಪಿರುವುದು ಸುತ್ತು.

‘ಕನಿಷ್ಠ 2’ಕ್ಕೆ ಐದು ಪದ ಕೂಡುವುದು ಬೇಡ. ಸುತ್ತು ಬೀಳದವು 0 ಮತ್ತು 1 ಮಾತ್ರ, ಅವನ್ನು 1ರಿಂದ ಕಳೆದರೆ 1 − 0.885735 = 0.114265. ಇಲ್ಲಿ P(X = 2) ಅನ್ನೂ ಕಳೆದರೆ 0.01585 ಬರುತ್ತದೆ; ಅದು ‘2ಕ್ಕಿಂತ ಹೆಚ್ಚು’ ಎಂಬ ಬೇರೆ ಪ್ರಶ್ನೆಯ ಉತ್ತರ. ಸಾಲಿನ ಮೇಲಿನ ಸುತ್ತು ನೋಡಿದರೆ ಈ ತಪ್ಪು ತಕ್ಷಣ ಸಿಗುತ್ತದೆ.

ಪ್ರಶ್ನೆ ‘ಕನಿಷ್ಠ 4 ಚೆನ್ನಾಗಿರುವ ಬಲ್ಬು’ ಎಂದು ಕೇಳಿದರೆ ಗಾಬರಿ ಬೇಡ: 6ರಲ್ಲಿ ಕನಿಷ್ಠ 4 ಚೆನ್ನಾಗಿದ್ದರೆ ಗರಿಷ್ಠ 2 ಕೆಟ್ಟಿರುತ್ತವೆ. ಉತ್ತರ ಅದೇ 0.98415. ಹಾಗಾಗಿಯೇ X ಏನನ್ನು ಎಣಿಸುತ್ತದೆ ಎಂದು ಮೊದಲ ಸಾಲಿನಲ್ಲೇ ಬರೆಯಲು ನಾನು ಒತ್ತಾಯಿಸುವುದು.

ಫೋಟೊದಲ್ಲಿ ‘ದೊಡ್ಡ ರಾಶಿ’ ಬದಲು ‘2 ದೋಷಯುಕ್ತ ಬಲ್ಬುಗಳಿರುವ 20ರ ಪೆಟ್ಟಿಗೆ, ಮರಳಿ ಹಾಕದೆ’ ಎಂದಿದ್ದರೆ ದ್ವಿಪದ ಸೂತ್ರ ಹಾಕುವಂತಿಲ್ಲ. ಇರುವುದೇ 2 ಕೆಟ್ಟವು, ಆದ್ದರಿಂದ ‘ಕನಿಷ್ಠ 3’ರ ಸಂಭವನೀಯತೆ 0. ದ್ವಿಪದ ಸೂತ್ರ ಮಾತ್ರ ಅಲ್ಲಿಯೂ 0.01585 ಎನ್ನುತ್ತದೆ.